ಗೇಮ್ ಇನ್‌ಸ್ಟಾಲ್ ಜಾಹೀರಾತು: ಮೊದಲ 2 ಸೆಕೆಂಡಲ್ಲೇ ಅಸಲಿ ಆಟ ತೋರಿಸ್ಬೇಕಂತೆ, ಚೆನ್ನೆಮಣೆಯಂಥ ನಿಧಾನದ ಆಟಕ್ಕೆ ಸ್ಕ್ರಿಪ್ಟ್ ಹೇಗೆ ಬರೆಯುದು?

ಮಂಜೊಟ್ಟಿ

ಮಾರಾಯ್ರೆ ಒಂದು ಸಹಾಯ ಬೇಕಿತ್ತು. ನಾನು ಮತ್ತೆ ನನ್ನ ಕಸಿನ್ ಸೇರಿ ಚೆನ್ನೆಮಣೆಯನ್ನು ಮೊಬೈಲ್ ಗೇಮ್ ಮಾಡಿದ್ದೇವೆ. ಅದೇ 14 ಗುಳಿ, ಗುಳಿಗೆ 4 ಕಾಯಿ, ಮಂಜೊಟ್ಟಿ ಬಣ್ಣವೇ ಕೊಟ್ಟದ್ದು. ಆಡಿದವರಿಗೆ ಇಷ್ಟ ಆಗ್ತದೆ, ಆದ್ರೆ ಜಾಹೀರಾತು ನೋಡಿ ಇನ್‌ಸ್ಟಾಲ್ ಮಾಡುವವರು ತುಂಬಾ ಕಡಿಮೆ.

ಈಗ ಇರುವ ಜಾಹೀರಾತು 20 ಸೆಕೆಂಡಿಂದು. ಮೊದಲು ನಮ್ಮ ಲೋಗೋ, ಆಮೇಲೆ ಮಳೆ ಬರುವ ಹಳೆ ಮನೆಯ ಜಗಲಿ, ಅಲ್ಲಿ ಅಜ್ಜಿ ಮೊಮ್ಮಗಳು ಕೂತಿರುವ ಚಿತ್ರ, "ಆಟಿ ತಿಂಗಳ ಆಟ ಈಗ ನಿಮ್ಮ ಅಂಗೈಯಲ್ಲಿ" ಅಂತ ಬರಹ, ಇದೆಲ್ಲ ಮುಗಿದು ಆಟ ಕಾಣುವಾಗ 6 ಸೆಕೆಂಡ್ ದಾಟಿರ್ತದೆ. ಗೇಮ್ ಮಾಡುವ ಒಬ್ಬ ಫ್ರೆಂಡ್ ನೋಡಿ, ಇದನ್ನೆಲ್ಲ ತೆಗಿ, 2 ಸೆಕೆಂಡಿನೊಳಗೆ ನಿಜವಾದ ಗೇಮ್‌ಪ್ಲೇ ಕಾಣ್ಬೇಕು ಅಂದ.

ಸಮಸ್ಯೆ ಎಂತ ಅಂದ್ರೆ ನಮ್ಮ ಆಟ ನಿಧಾನದ್ದು. ಒಂದು ಕಾಯಿ ಬೀಳ್ಲಿಕ್ಕೆ 0.4 ಸೆಕೆಂಡ್. 4 ಕಾಯಿ ಹಾಕುವಾಗಲೇ 1.6 ಸೆಕೆಂಡ್ ಹೋಯ್ತು, ಆಮೇಲೆ ಮುಂದಿನ ಗುಳಿಯಿಂದ ಎತ್ತಿ ಪುನಃ ಹಾಕ್ಬೇಕು, ಗೆಲ್ಲುವ ಘಳಿಗೆ ಬರುವಾಗ ಹತ್ತು ಸೆಕೆಂಡ್ ಆಗಿರ್ತದೆ. 2 ಸೆಕೆಂಡಲ್ಲಿ ತೋರಿಸಿದ್ರೆ ಯಾರೋ ಕಾಯಿ ಬಿತ್ತುವುದು ಮಾತ್ರ ಕಾಣುದು. ಸ್ಪೀಡ್ ಮಾಡಿ ಹಾಕುದಾ? ಹಾಗೆ ಮಾಡಿದ್ರೆ ಅದು ಸುಳ್ಳಾಗ್ತದಾ?

ಗುರು_ಗ್ರೋತ್

ಬಾಸ್ ಸಿಂಪಲ್. 3 ಪಟ್ಟು ಸ್ಪೀಡ್ ಹಾಕು, ಮೇಲೆ ದೊಡ್ಡದಾಗಿ "99% ಜನ ಇದನ್ನ ಗೆಲ್ಲಲ್ಲ" ಅಂತ ಬರಿ, ಒಬ್ಬ ತಪ್ಪು ಗುಳಿ ಮುಟ್ಟಿ ಸೋಲೋದು ತೋರ್ಸು. ಸೋಲೋದು ನೋಡಿದ್ರೆ ಜನಕ್ಕೆ ಕೈ ಕಡಿಯುತ್ತೆ, ನಾನಾಗಿದ್ರೆ ಗೆಲ್ತಿದ್ದೆ ಅಂತ ಇನ್‌ಸ್ಟಾಲ್ ಮಾಡ್ತಾರೆ. ದೊಡ್ಡ ದೊಡ್ಡ ಕಂಪನಿಗಳೆಲ್ಲ ಮಾಡೋದು ಇದನ್ನೇ. ಅಸಲಿ ಆಟ ಅಂತ ತಲೆ ಕೆಡಿಸ್ಕೊಳ್ಬೇಡ, ಮೊದ್ಲು ಬೆರಳು ನಿಲ್ಬೇಕು ಅಷ್ಟೇ.

ಸಿಂಪಲ್_ಸೀನ

ಎರಡು ಸೆಕೆಂಡ್ ಬಿಡಿ ಸ್ವಾಮಿ, ನನ್ ಫೋನಲ್ಲಿ ಮೂವತ್ತು ಸೆಕೆಂಡ್ ಆದ್ರೂ ಕ್ರಾಸ್ ಮಾರ್ಕೇ ಬರಲ್ಲ. ಬಂದ್ರೂ ಅದನ್ನ ಮುಟ್ಟಿದ್ರೆ ಪ್ಲೇ ಸ್ಟೋರಿಗೆ ಹೋಗುತ್ತೆ. ಇದನ್ನ ಆಫ್ ಮಾಡೋದು ಹೇಗೆ ಯಾರಾದ್ರೂ ಹೇಳಿ

ಸುಮ್ನೆ_ಓದೋಳು

@ಸಿಂಪಲ್_ಸೀನ ಅಣ್ಣಾ ಅವ್ರು ಜಾಹೀರಾತು ಮಾಡೋರು, ನೀವು ಜಾಹೀರಾತು ತಿನ್ನೋರು 😂 ಬೇರೆ ಕಡೆ ಕೇಳಿ

ಟೀಚರಮ್ಮ_ಶಿವಮೊಗ್ಗ

ಗುರು ಅವರೇ, ನೀವು ಹೇಳಿದ ಉಪಾಯಕ್ಕೆ ನಮ್ಮ ಮನೇಲೇ ಬಲಿಯಾಗಿದ್ದೀವಿ. ನನ್ನ ಮಗ ಒಂದು ಜಾಹೀರಾತು ನೋಡಿ, ಪಿನ್ ಎಳೆದು ಲಾವಾ ತಪ್ಪಿಸಿ ರಾಜನ್ನ ಉಳಿಸೋ ಆಟ ಅಂತ ಹಾಕ್ಕೊಂಡ. ತೆರೆದ್ರೆ ಒಂದೇ ಬಣ್ಣದ ಮೂರು ಹಣ್ಣು ಜೋಡಿಸೋ ಆಟ. ಪಿನ್ ಎಲ್ಲಿದೆ ಅಮ್ಮಾ ಅಂತ ಸಂಜೆಯೆಲ್ಲ ಹುಡುಕಿದ, ಆಮೇಲೆ ಅಳು. ಒಂದು ಸ್ಟಾರ್ ಕೊಟ್ಟು ತೆಗೆದು ಹಾಕಿದ್ವಿ. ಹೀಗೆ ಇನ್‌ಸ್ಟಾಲ್ ಆದ್ರೆ ನಿಮಗೇನು ಲಾಭ?

ಬಿಡ್_ಬೈರ

ನಾನು ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತೀನಿ, ಗೇಮ್‌ಗೆ ಜನ ತರೋದು. ಟೀಚರ್ ಹೇಳಿದ್ದು ಬರೀ ಅವರ ಮನೆ ಕತೆ ಅಲ್ಲ. 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಎಎಸ್ಎ, ಪ್ಲೇರಿಕ್ಸ್ ಕಂಪನಿಯ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಜಾಹೀರಾತುಗಳನ್ನ ನಿಲ್ಲಿಸ್ತು. ತೋರ್ಸಿದ್ದು ಪಿನ್ ಎಳೆಯೋ ಒಗಟು, ಒಳಗಿದ್ದದ್ದು ಮೂರು ಜೋಡಿಸೋ ಆಟ. ಕಂಪನಿಯವರು ಆ ಒಗಟೂ ಆಟದೊಳಗೆ ಅಲ್ಲಲ್ಲಿ ಇದೆ ಅಂದ್ರು, ಎಲ್ಲಾ ಚಿತ್ರಗಳೂ ಅಸಲಿ ಆಟದ್ದಲ್ಲ ಅಂತ ಜಾಹೀರಾತಲ್ಲೇ ಒಂದು ಸಾಲು ಬೇರೆ ಇತ್ತು. ಅದ್ಯಾವ್ದೂ ನಡೀಲಿಲ್ಲ, ಮುಖ್ಯ ಆಟ ಅದಲ್ಲ ಅನ್ನೋದೇ ವಿಷಯ ಆಯ್ತು.

ಈಗ ಗುರು ಅವರ ಮಾತು. ಅರ್ಧ ಸರಿ. ಬೆರಳು ನಿಲ್ಬೇಕು ಅನ್ನೋದು ಸರಿ, ಸುಳ್ಳು ಜಾಹೀರಾತಿಗೆ ಇನ್‌ಸ್ಟಾಲ್ ಅಗ್ಗಕ್ಕೆ ಸಿಗೋದೂ ಎಷ್ಟೋ ಸಲ ನಿಜ. ಆದ್ರೆ ಲೆಕ್ಕ ಅಲ್ಲಿಗೆ ನಿಲ್ಲಲ್ಲ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಸುಳ್ಳು ಜಾಹೀರಾತಲ್ಲಿ ಒಂದು ಇನ್‌ಸ್ಟಾಲ್‌ಗೆ 10 ರೂಪಾಯಿ, ಮಾರನೇ ದಿನ ಆಟ ತೆರೆಯೋರು 100ಕ್ಕೆ 10 ಜನ. ಅಂದ್ರೆ ಉಳಿದ ಒಬ್ಬೊಬ್ಬನಿಗೆ 100 ರೂಪಾಯಿ ಬಿತ್ತು. ಅಸಲಿ ಆಟ ತೋರ್ಸಿದ್ರೆ ಇನ್‌ಸ್ಟಾಲ್‌ಗೆ 16 ರೂಪಾಯಿ ಆಗ್ಲಿ, ಮಾರನೇ ದಿನ 32 ಜನ ಬಂದ್ರೆ ಒಬ್ಬನಿಗೆ 50. ದುಡ್ಡಿರೋ ಕಂಪನಿ ಕೋಟಿಗಟ್ಲೆ ಜನರಲ್ಲಿ ಸೋಸಿಕೊಳ್ಳುತ್ತೆ, ಒಳಗೆ ಖರೀದಿ ಮಾಡೋ ನಾಲ್ಕು ಜನ ಸಿಕ್ಕಿದ್ರೆ ಅವ್ರಿಗೆ ಗಿಟ್ಟುತ್ತೆ. ಇಬ್ಬರು ಕಸಿನ್ಸ್ ಮಾಡಿರೋ ಆಟಕ್ಕೆ ಗಿಟ್ಟಲ್ಲ, ಒಂದು ಸ್ಟಾರ್ ರಿವ್ಯೂ ನೂರು ಬಿದ್ರೆ ಮುಗೀತು ಕತೆ.

ಮಂಜೊಟ್ಟಿ, ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಆಟದ ನಿಯಮ ಸರಿಯಾಗಿ ಹೇಳಿ. ಕೊನೇ ಕಾಯಿ ಬಿದ್ಮೇಲೆ ಏನಾಗುತ್ತೆ?

ಮಂಜೊಟ್ಟಿ

ಕೊನೆ ಕಾಯಿ ಬಿದ್ದ ಗುಳಿಯ ಮುಂದಿನ ಗುಳಿ ನೋಡ್ಬೇಕು. ಅದರಲ್ಲಿ ಕಾಯಿ ಉಂಟಾದ್ರೆ ಅದನ್ನು ಎತ್ತಿ ಮುಂದುವರಿಸುದು. ಅದು ಖಾಲಿ ಇದ್ರೆ, ಆ ಖಾಲಿ ಗುಳಿಯ ಆಚೆದರಲ್ಲಿ ಎಷ್ಟು ಉಂಟೋ ಅಷ್ಟೂ ನಮಗೆ.

ಕುಂದಾಪ್ರ_ಹೈದ

ಆಚೆದು ಮಾತ್ರ ಅಲ್ಲ ಮರಾಯ್ರೆ, ನಮ್ ಬದಿ ಅದರ ಎದುರು ಗುಳಿದೂ ಸೇರ್ಸಿ ಎತ್ತುದು. ಅಜ್ಜಿ ಹಾಂಗೇ ಆಡ್ಸಿದ್.

ಫ್ರೇಮ್_ಬಸು

ನಮ್ಮ ಕಡೆ ಅಳಿಗುಳಿ ಮಣಿ ಅಂತೀವ್ರಿ, ಗುಳಿಗೆ ಐದ ಕಾಯಿ, ಹುಣಸಿ ಬೀಜ. ನಾಕ ಕಾಯಿ ಅಂದ್ರ ಏನ ಆಟ ಅದು

ಮಂಜೊಟ್ಟಿ

ಸೆಟ್ಟಿಂಗಲ್ಲಿ ಎಲ್ಲ ಉಂಟು, 4 ಬೇಕಾ 5 ಬೇಕಾ, ಎದುರು ಗುಳಿ ಬೇಕಾ ಬೇಡ್ವಾ. ದಯವಿಟ್ಟು ಈಗ ಜಗಳ ಬೇಡ 🙏

ಬಿಡ್_ಬೈರ

ಸಿಕ್ತು ನೋಡಿ ಉತ್ತರ, ನಿಮ್ಮ ನಿಯಮದಲ್ಲೇ ಇದೆ. ಜಾಹೀರಾತನ್ನ ಆಟದ ಶುರುವಿಂದ ಯಾಕೆ ತೋರಿಸ್ತೀರ? ಶುರುವಲ್ಲಿ ಎಲ್ಲಾ ಗುಳೀಲೂ ನಾಲ್ಕು ನಾಲ್ಕು ಕಾಯಿ, ಎಲ್ಲಾ ಒಂದೇ ಥರ, ನೋಡೋನಿಗೆ ಏನಾದ್ರೂ ಆಗ್ತಿದೆ ಅಂತ ಅನ್ಸೋದೇ ಇಲ್ಲ. ಆಟದ ನಡುವಿಂದ ಒಂದು ಸ್ಥಿತಿ ಆರಿಸಿ. ಸಾಲಾಗಿ ನಾಲ್ಕು ಗುಳಿ: ಮೊದಲನೇದ್ರಲ್ಲಿ ಒಂದೇ ಒಂದು ಕಾಯಿ, ಎರಡನೇದ್ರಲ್ಲಿ ಎಷ್ಟಾದ್ರೂ ಇರ್ಲಿ, ಮೂರನೇದು ಖಾಲಿ, ನಾಲ್ಕನೇದ್ರಲ್ಲಿ 9 ಕಾಯಿ ರಾಶಿ. ಬೆರಳು ಆ ಒಂಟಿ ಕಾಯಿ ಮುಟ್ಟುತ್ತೆ, ಅದು ಪಕ್ಕದ ಗುಳಿಗೆ ಬೀಳುತ್ತೆ, ಮುಂದಿನದು ಖಾಲಿ, ಆಚೆ ಇರೋ 9ನ್ನೂ ಬಾಚ್ಕೊಂಡು ಹೋಗುತ್ತೆ. ಇದು ಒಂದು ಪೂರ್ತಿ ಸರದಿ. ಕತ್ತರಿಸಿಲ್ಲ, ಸ್ಪೀಡ್ ಮಾಡಿಲ್ಲ, ನಿಮ್ಮ 0.4 ಸೆಕೆಂಡ್ ಕಾಯೀನೇ.

30 ಫ್ರೇಮ್ ಲೆಕ್ಕದಲ್ಲಿ 2 ಸೆಕೆಂಡ್ ಅಂದ್ರೆ 60 ಫ್ರೇಮ್. ನಾನಾದ್ರೆ ಹೀಗೆ ಹಂಚ್ತೀನಿ:

0.0 – ಮಣೆ ಕಾಣುತ್ತೆ, ಬೆರಳಿನ ಗುರುತು ಆಗ್ಲೇ ಒಂಟಿ ಕಾಯಿ ಹತ್ರ ಇದೆ
0.2 – ಮುಟ್ಟಿತು
0.6 – ಕಾಯಿ ಪಕ್ಕದ ಗುಳಿಗೆ ಬಿತ್ತು
0.9 – ಖಾಲಿ ಗುಳಿ ಒಮ್ಮೆ ಮಿನುಗಿ, ಆಚೆ ರಾಶಿ ಎದ್ದಿತು
1.6 – 9 ಕಾಯಿ ಹಾರಿ ಬಂತು, ಅಂಕೆ ಏರಿತು
2.0 – ಎದುರಾಳಿ ಸರದಿ ಶುರು

ಮುಖ್ಯ ಏನಂದ್ರೆ ಕೈ ಮಾಡಿದ್ದೇನು, ಅದ್ರಿಂದ ಆಗಿದ್ದೇನು, ಎರಡೂ ಈ 60 ಫ್ರೇಮೊಳಗೆ ಇರ್ಬೇಕು. ಬರೀ ಕಾಯಿ ಹಾರೋದು ಕಂಡ್ರೆ ಅದು ವಿಡಿಯೋ. ಮುಟ್ಟಿದ್ದಕ್ಕೆ ಹಾರ್ತು ಅಂತ ಕಂಡ್ರೆ ಮಾತ್ರ ಆಟ. ಹಾಗಾಗಿ ಬೆರಳಿನ ಗುರುತು ಬಿಡಲೇಬೇಡಿ.

ಮಂಜೊಟ್ಟಿ

ಅಯ್ಯೋ ಇದು ನಮಗೆ ಹೊಳಿಲೇ ಇಲ್ಲ. ನಾವು ಯಾವಾಗಲೂ ಉದ್ದದ ಓಟವನ್ನೇ ಚಂದ ಅಂತ ತೋರಿಸ್ತಾ ಇದ್ದದ್ದು.

ಆದ್ರೆ ಇಂಥ ಸ್ಥಿತಿ ಬರುವ ತನಕ ಆಡಿ ರೆಕಾರ್ಡ್ ಮಾಡ್ಬೇಕಾ, ಅಲ್ಲ ಡೀಬಗ್ ಮೋಡಲ್ಲಿ ಕಾಯಿ ನಾವೇ ಜೋಡಿಸಿ ಇಟ್ರೆ ಆಗ್ತದಾ?

ಗುರು_ಗ್ರೋತ್

ನೋಡಿದ್ರಾ 😏 ಕಾಯಿ ನೀವೇ ಜೋಡಿಸಿ ಇಡೋದಾದ್ರೆ ಅದೂ ಸೆಟಪ್ಪೇ. ನಾನು ಹೇಳಿದ್ರೆ ಸುಳ್ಳು, ಬೈರ ಅವ್ರು ಹೇಳಿದ್ರೆ ಸ್ಕ್ರಿಪ್ಟು.

ಬಿಡ್_ಬೈರ

ಜೋಡಿಸಿ ಇಟ್ರೂ ನಿಯಮದ ಪ್ರಕಾರ ಆಟದಲ್ಲಿ ಬರೋ ಸ್ಥಿತಿ ಆಗಿದ್ರೆ, ಮುಟ್ಟಿದ್ಮೇಲೆ ನಡೆಯೋದೆಲ್ಲ ಆಟದ ಕೋಡೇ ನಡೆಸಿದ್ರೆ, ನನ್ನ ಮಟ್ಟಿಗೆ ಅದು ಅಸಲಿ. ಹೊಸಬ ಇನ್‌ಸ್ಟಾಲ್ ಮಾಡಿ ಮೊದಲ ಎರಡು ಮೂರು ಆಟದೊಳಗೆ ಅವನ ಕೈಯಲ್ಲೂ ಇದು ಆಗ್ಬೇಕು, ಅಷ್ಟೇ ಪರೀಕ್ಷೆ.

ಟೀಚರಮ್ಮ_ಶಿವಮೊಗ್ಗ

ಅದು ಆಗುತ್ತೆ ಅಂತ ಹೇಗೆ ಗೊತ್ತಾಗುತ್ತೆ? 9 ಕಾಯಿ ಒಂದೇ ಏಟಿಗೆ ಸಿಗೋದು ಐವತ್ತು ಆಟಕ್ಕೊಮ್ಮೆ ಆದ್ರೆ ಅದೂ ಆಸೆ ತೋರಿಸಿದ ಹಾಗೇ ಅಲ್ವಾ. ನನಗೇನೋ ಇದು ಪೂರ್ತಿ ಒಪ್ಪಿಗೆ ಆಗ್ಲಿಲ್ಲ.

ಮಂಜೊಟ್ಟಿ

ಟೀಚರ್ ಹೇಳಿದ್ದು ಸರಿ ಉಂಟು. ನಮ್ಮ ಹತ್ರ ಆಟದ ಲಾಗ್ ಉಂಟು, ಯಾವ ಸರದಿಯಲ್ಲಿ ಎಷ್ಟು ಕಾಯಿ ಸಿಕ್ಕಿತು ಅಂತ ಎಲ್ಲ ಇರ್ತದೆ. ಅದರಲ್ಲಿ ನೋಡಿ ಸಾಮಾನ್ಯವಾಗಿ ಎಷ್ಟು ಸಿಗ್ತದೋ ಅಷ್ಟರದ್ದೇ ತೋರಿಸ್ತೇವೆ. 9 ಅಪರೂಪ ಆದ್ರೆ 6.

ಗುರು_ಗ್ರೋತ್

6 ಕಾಯಿಗೆ ಯಾವ ಬೆರಳೂ ನಿಲ್ಲಲ್ಲ. ಬರೆದಿಟ್ಕೊಳ್ಳಿ.

ಫ್ರೇಮ್_ಬಸು

ನಾ ಎಡಿಟಿಂಗ್ ಮಾಡ್ತೀನ್ರಿ. ಸ್ಕ್ರಿಪ್ಟ್ ಎಷ್ಟ ಚಂದ ಬರದ್ರೂ ರೆಕಾರ್ಡಿಂಗ್ ಹಂತದಾಗ ಎರಡ ಸೆಕೆಂಡ್ ತಿಂದು ಹಾಕ್ತಾವ, ಅದಕ್ಕ ಹೇಳ್ತೀನಿ.

ಫೋನಿನ ಸ್ಕ್ರೀನ್ ರೆಕಾರ್ಡರ್ ಒಂದ ಸಮನಾಗಿ ಫ್ರೇಮ್ ಕೊಡಂಗಿಲ್ಲ. ಸ್ಕ್ರೀನಿನ್ಯಾಗ ಏನೂ ಅಲ್ಲಾಡದಿದ್ರ ಫ್ರೇಮ್ ಬರೂದು ನಿಲ್ತದ, ಅಲ್ಲಾಡಿದಾಗ ದಬದಬ ಬರ್ತಾವ. ಅದನ್ನ ಹಂಗ ಎಡಿಟರಿಗೆ ಹಾಕಿದ್ರಿ ಅಂದ್ರ ಬೈರ ಅವರು ಹೇಳಿದ 0.6, 0.9 ಎಲ್ಲಾ ಅತ್ತಿತ್ತ ಆಗ್ತದ, ಬೆರಳು ಮುಟ್ಟೂದ್ಕೂ ಕಾಯಿ ಏಳೂದ್ಕೂ ಹೊಂದಾಣಿಕಿ ತಪ್ತದ. ಅದಕ್ಕ ಮೊದಲ ಅದನ್ನ 30 ಫ್ರೇಮಿಗೆ ಕಟ್ಟಿ ಹಾಕ್ರಿ. ಡೆವಲಪರ್ ಆಪ್ಷನ್ಸ್‌ನ್ಯಾಗ ಮುಟ್ಟಿದ್ದು ಕಾಣೂ ಸೆಟ್ಟಿಂಗ್ ಆನ್ ಮಾಡ್ರಿ, ಡು ನಾಟ್ ಡಿಸ್ಟರ್ಬ್ ಹಾಕ್ರಿ, ಆಮ್ಯಾಲೆ:

```
adb shell screenrecord --bit-rate 20000000 /sdcard/chenne.mp4
adb pull /sdcard/chenne.mp4
ffmpeg -i chenne.mp4 -vf fps=30 -c:v libx264 -crf 16 chenne30.mp4
```

ಆಟ ಮುಗದ ಮ್ಯಾಲೆ ಕಂಟ್ರೋಲ್ ಸಿ ಒತ್ತಿ ನಿಲ್ಲಸ್ರಿ, ಇಲ್ಲಾಂದ್ರ 3 ನಿಮಿಷಕ್ಕ ತಾನ ನಿಲ್ತದ. ಸೌಂಡ್ ಇದರಾಗ ಬರಂಗಿಲ್ಲ, ಕಾಯಿ ಸಪ್ಪಳ ಬ್ಯಾರೆ ಹಚ್ಚಬೇಕು. ನಿಮ್ಮದು ಯೂನಿಟಿ ಆಗಿದ್ರ ಇದೆಲ್ಲಾ ಬಿಡ್ರಿ, ಯೂನಿಟಿ ರೆಕಾರ್ಡರ್ ಹಾಕ್ರಿ, ಫ್ರೇಮ್ ಸರಿಯಾಗಿ ಬರ್ತಾವ.

ಇನ್ನೊಂದು. ಫೋನ್ ಈಗ 1080 × 2400 ಇರ್ತಾವ, ಜಾಹೀರಾತು 1080 × 1920. ಎತ್ತರದಾಗ 480 ಪಿಕ್ಸೆಲ್ ಕತ್ತರಿಸಬೇಕು. ನಿಮ್ಮ ಅಂಕಿ ಮ್ಯಾಲಿನ ಅಂಚಿಗೆ ಇದ್ರ ಅದ ಮೊದಲ ಹೋಗ್ತದ.

ಮಂಜೊಟ್ಟಿ

ಯೂನಿಟಿಯೇ. ನಮ್ಮ ಗೆದ್ದ ಕಾಯಿ ಹಾಕುವ ಬುಟ್ಟಿ ಸ್ಕ್ರೀನಿನ ಕೆಳಗೆ ಉಂಟು. ಕೆಳಗೆ ಕತ್ತರಿಸದೆ ಮೇಲೆ ಮಾತ್ರ ಕತ್ತರಿಸಿದ್ರೆ ಸಾಕಲ್ವಾ?

ಬಿಡ್_ಬೈರ

ಸಾಲಲ್ಲ. ರೀಲ್ಸ್ ಜಾಗದಲ್ಲಿ ಕೆಳಗಿನ ಮೂರನೇ ಒಂದು ಭಾಗದ ಮೇಲೆ ಅಕೌಂಟ್ ಹೆಸರು, ಬರಹ, ಇನ್‌ಸ್ಟಾಲ್ ಬಟನ್ ಕೂರುತ್ತೆ, ಮೇಲೂ ಸ್ವಲ್ಪ ಹೋಗುತ್ತೆ. ನಿಮ್ಮ 9 ಕಾಯಿ ಹಾರಿ ಹೋಗಿ ಆ ಬಟನ್ ಹಿಂದೆ ಮಾಯ ಆಗುತ್ತೆ. ನೋಡೋನಿಗೆ ಕಾಯಿ ಎಲ್ಲಿಗೆ ಹೋಯ್ತು ಅಂತಾನೇ ಗೊತ್ತಾಗಲ್ಲ, ಅಂದ್ರೆ ನೀವು ಕಷ್ಟಪಟ್ಟು ಕೂರಿಸಿದ ಫಲಿತಾಂಶವೇ ಹೋಯ್ತು. ಗುಳಿ ಮೇಲೇನೇ +9 ಅಂತ ಪುಟಿಯೋದು ಏನಾದ್ರೂ ಇದ್ಯಾ?

ಮಂಜೊಟ್ಟಿ

ಉಂಟು, ಗುಳಿಯ ಮೇಲೆ ಬಂಗಾರದ ಬಣ್ಣದಲ್ಲಿ ಬರ್ತದೆ. ಸಣ್ಣ ಉಂಟು ಸ್ವಲ್ಪ.

ಬಿಡ್_ಬೈರ

ಅದನ್ನೇ ನಂಬ್ಕೊಳ್ಳಿ. ಗೇಮಲ್ಲೇ ಅದನ್ನ ಸ್ವಲ್ಪ ದೊಡ್ಡದು ಮಾಡಿ ಅಪ್ಡೇಟ್ ಬಿಡಿ, ಆಡೋರಿಗೂ ಒಳ್ಳೇದು. ಜಾಹೀರಾತಿಗೆ ಮಾತ್ರ ದೊಡ್ಡದು ಮಾಡ್ಬೇಡಿ.

ಕ್ಯಾಮೆರಾನೂ ಹತ್ರ ತನ್ನಿ. 14 ಗುಳಿ ಪೂರ್ತಿ ತೋರಿಸಿದ್ರೆ ಆ ನಾಲ್ಕು ಗುಳಿ ಕಣ್ಣಿಗೆ ಬೀಳಲ್ಲ. ಎಡಿಟಿಂಗಲ್ಲಿ ಜೂಮ್ ಮಾಡಿದ್ರೆ ಮಸುಕಾಗುತ್ತೆ, ರೆಕಾರ್ಡರಲ್ಲೇ ಎರಡು ಪಟ್ಟು ಸೈಜಿಗೆ ತೆಗೆದು ಆಮೇಲೆ ಹತ್ರ ಹೋಗಿ.

ಕುಂದಾಪ್ರ_ಹೈದ

ಬೆರಳಿಗೆ ನಿಜವಾದ ಕೈ ಹಾಕಿ ಮರಾಯ್ರೆ, ಬಳೆ ಹಾಕಿದ ಹೆಂಗ್ಸಿನ ಕೈ. ಚೆನ್ನೆಮಣೆ ಅಂದ್ರೆ ಅದೇ ಕಾಂಬುಕೆ ಚಂದ.

ಮಂಜೊಟ್ಟಿ

ಐಡಿಯಾ ಚಂದ ಉಂಟು, ಅಮ್ಮನ ಕೈ ಶೂಟ್ ಮಾಡ್ಬಹುದು.

ಬರಹದ್ದು ಎಂತ ಮಾಡುದು? "ಆಟಿ ತಿಂಗಳ ಆಟ" ಸಾಲು ನನ್ನ ಕಸಿನಿಗೆ ಜೀವ, ತೆಗಿಲಿಕ್ಕೆ ಬಿಡುದಿಲ್ಲ ಅಂತಾಳೆ.

ಸುಮ್ನೆ_ಓದೋಳು

ಕಸಿನ್ ಪರ ನಾನಿದ್ದೀನಿ. ಆ ಅಜ್ಜಿ ಚಿತ್ರ ನೋಡಿದ್ರೆ ನಾನಂತೂ ನಿಲ್ತೀನಿ. ನಮ್ಮಂಥವ್ರಿಗೆ ನೆನಪೇ ತಾನೇ ಇನ್‌ಸ್ಟಾಲ್ ಮಾಡ್ಸೋದು, 9 ಕಾಯಿ ಹಾರೋದು ಅಲ್ಲ. ಬೈರ ಅವ್ರು ಎಲ್ಲಾ ಆಟಕ್ಕೂ ಒಂದೇ ಮಂತ್ರ ಹೇಳ್ತಿದ್ದಾರೆ ಅನ್ಸುತ್ತೆ.

ಬಿಡ್_ಬೈರ

ನಿಮ್ಮ ಮಾತಲ್ಲಿ ಸತ್ಯ ಇದೆ, ಅದನ್ನ ಅಳೆದೇ ನೋಡ್ಬೇಕು. ಅಜ್ಜಿ ಚಿತ್ರಕ್ಕೆ ಬೆರಳು ನಿಲ್ಲಬಹುದು. ಆದ್ರೆ ಅಜ್ಜಿ ನೋಡಿ ನಿಂತವರಲ್ಲಿ ಎಷ್ಟೋ ಜನ ಅದು ಗೇಮ್ ಅಂತ ತಿಳಿದಿರಲ್ಲ, ಸೀರಿಯಲ್ಲೋ ಉಪ್ಪಿನಕಾಯಿ ಜಾಹೀರಾತೋ ಅಂದ್ಕೊಂಡಿರ್ತಾರೆ. ಆಟ ಕಾಣೋ ಹೊತ್ತಿಗೆ ಹೋಗ್ಬಿಡ್ತಾರೆ. ಮೊದಲು ಆಟ, ಆಮೇಲೆ ಅಜ್ಜಿ. 5ನೇ ಸೆಕೆಂಡಿಗೆ ಅಜ್ಜಿ ತಂದ್ರೆ, ಇದು ಗೇಮು ಅಂತ ಗೊತ್ತಿದ್ದೇ ಕೂತಿರೋನು ಅದನ್ನ ನೋಡ್ತಾನೆ.

ಫ್ರೇಮ್_ಬಸು

ಬರಹ ಮೊದಲ ಎರಡ ಸೆಕೆಂಡಿನ್ಯಾಗ ಹಾಕಬ್ಯಾಡ್ರಿ, ಕಣ್ಣು ಅದನ್ನ ಓದಾಕ ಹೋಗ್ತದ, ಕಾಯಿ ನೋಡಂಗಿಲ್ಲ. ಹಾಕಲೇಬೇಕಂದ್ರ ಎರಡ ಶಬ್ದ. ಮತ್ತ ಪ್ರೀಮಿಯರ್‌ದಾಗ ಕನ್ನಡ ಬರಿಯೂ ಮುಂದ ಸೆಟ್ಟಿಂಗ್ಸ್‌ನ್ಯಾಗ ಟೆಕ್ಸ್ಟ್ ಎಂಜಿನ್ ದಕ್ಷಿಣ ಏಷ್ಯಾದ್ದು ಆರಿಸ್ರಿ, ಇಲ್ಲಾಂದ್ರ ಒತ್ತಕ್ಷರ ಎಲ್ಲಾ ಒಡದು ಪಕ್ಕಕ್ಕ ಬಂದು ಕೂಡ್ತಾವ. ಎಷ್ಟ ಜಾಹೀರಾತು ಹಂಗ ಬಂದಾವ ನೋಡ್ರಿ, ನೋಡಾಕ ಆಗಂಗಿಲ್ಲ.

ದುಬೈ_ದೇವು

ಇಲ್ಲಿ ನಮ್ಮ ತುಳುನಾಡಿನವರು ಸುಮಾರು ಜನ ಇದ್ದೇವೆ, ಇಲ್ಲಿಗೂ ಬಿಡಿ ಜಾಹೀರಾತು. ಒಂದು ಮಾತು, ನಾನು ನೋಡುದು ಆಫೀಸಲ್ಲಿ ಸೌಂಡ್ ಇಲ್ಲದೆ. ಕಾಯಿಯ ಶಬ್ದದ ಮೇಲೆ ಎಲ್ಲ ನಿಂತಿದ್ರೆ ನನಗೆ ಗೊತ್ತಾಗುದಿಲ್ಲ.

ಬಿಡ್_ಬೈರ

ಹೌದು, ಫೀಡಲ್ಲಿ ಎಷ್ಟೋ ಜನ ಸೌಂಡ್ ಇಲ್ಲದೇನೇ ನೋಡೋದು. ಶಬ್ದ ಇರ್ಲಿ, ಆದ್ರೆ ಶಬ್ದ ಇಲ್ದೇನೂ ಅರ್ಥ ಆಗ್ಬೇಕು.

ಇನ್ನೊಂದು ಕಡೆ ಬಹಳ ಜನ ಎಡವ್ತಾರೆ. ಎಡಿಟಿಂಗ್ ಟೆಂಪ್ಲೇಟ್ ತಾನಾಗೇ ಶುರುವಲ್ಲಿ ಕಪ್ಪಿಂದ ಬೆಳಗೋ ಎಫೆಕ್ಟ್ ಹಾಕಿರುತ್ತೆ, ಅರ್ಧ ಸೆಕೆಂಡ್ ಅದಕ್ಕೇ ಹೋಯ್ತು. ಕಂಪ್ಯೂಟರಲ್ಲಿ ನೋಡ್ವಾಗ ಗೊತ್ತಾಗಲ್ಲ, ಫೀಡಲ್ಲಿ ಕಪ್ಪು ಡಬ್ಬ ಕಂಡು ಜನ ದಾಟಿಹೋಗ್ತಾರೆ. ಫೈಲ್ ರೆಡಿ ಆದ್ಮೇಲೆ ಮೊದಲ ಫ್ರೇಮು, ಎರಡನೇ ಸೆಕೆಂಡಿನ ಫ್ರೇಮು ಎರಡನ್ನೂ ಚಿತ್ರ ಮಾಡಿ ತೆಗೀರಿ:

```
ffmpeg -i ad.mp4 -frames:v 1 modalu.png
ffmpeg -ss 2 -i ad.mp4 -frames:v 1 eradu.png
```

ಆ ಎರಡು ಚಿತ್ರ ನಿಮ್ಮ ಆಟ ಗೊತ್ತಿಲ್ಲದ ಯಾರಿಗಾದ್ರೂ ಫೋನಲ್ಲೇ ತೋರಿಸಿ, ಇದರ ನಡುವೆ ಏನಾಯ್ತು ಅಂತ ಕೇಳಿ. "ಇಲ್ಲಿದ್ದ ಕಾಯಿ ಎಲ್ಲಾ ಇವ್ನಿಗೆ ಸಿಕ್ತು" ಅಂದ್ರೆ ಸ್ಕ್ರಿಪ್ಟ್ ಕೆಲಸ ಮಾಡಿದೆ. "ಏನೋ ಕಂದು ಬಣ್ಣದ್ದು" ಅಂದ್ರೆ ದುಡ್ಡು ಹಾಕೋ ಮೊದಲೇ ಮತ್ತೆ ಕೂತ್ಕೊಳ್ಳಿ.

ಮಂಜೊಟ್ಟಿ

ಹಳೆ ಜಾಹೀರಾತು ಮತ್ತೆ ಹೊಸತು ಎರಡನ್ನೂ ಒಟ್ಟಿಗೆ ಓಡಿಸಿ ಯಾವುದು ಒಳ್ಳೇದು ಅಂತ ನೋಡ್ತೇವೆ. ಎಷ್ಟು ಸಮಯ ಬಿಟ್ರೆ ಗೊತ್ತಾಗ್ತದೆ?

ಗುರು_ಗ್ರೋತ್

ಒಂದು ದಿನ ಸಾಕು. ಯಾವುದಕ್ಕೆ ಇನ್‌ಸ್ಟಾಲ್ ಜಾಸ್ತಿ ಅದನ್ನ ಇಟ್ಕೊ, ಇನ್ನೊಂದನ್ನ ಸಾಯ್ಸು.

ಬಿಡ್_ಬೈರ

ಬೇಡ ಬೇಡ. ಒಂದೊಂದನ್ನೂ 10,000 ಸಲ ತೋರಿಸಿದ್ರು ಅಂದ್ಕೊಳ್ಳಿ, ಹಳೇದಕ್ಕೆ 30 ಇನ್‌ಸ್ಟಾಲ್, ಹೊಸದಕ್ಕೆ 40. ಸಾವಿರಕ್ಕೆ 3 ಇದ್ದದ್ದು 4 ಆಯ್ತು ಅಂತ ಹಬ್ಬ ಮಾಡ್ತೀರ. ಆದ್ರೆ ಇಷ್ಟು ಸಣ್ಣ ಸಂಖ್ಯೇಲಿ ಸುಮ್ಮನೆ ಅದೃಷ್ಟದಿಂದಲೇ ಎಂಟು ಹತ್ತು ಅತ್ತಿತ್ತ ಆಗುತ್ತೆ. ಅದೇ 300 ಮತ್ತೆ 400 ಆದ್ರೆ ನಾನು ನಂಬ್ತೀನಿ. ನಿಮ್ಮ ಬಜೆಟ್ಟಿಗೆ ಅಷ್ಟು ದೂರ ಹೋಗಕ್ಕೆ ಆಗಲ್ಲ ಅಂದ್ರೆ ಹತ್ತು ಥರ ಪರೀಕ್ಷೆ ಮಾಡ್ಬೇಡಿ, ಎರಡೇ ಇಟ್ಕೊಂಡು ತಾಳ್ಮೆಯಿಂದ ಬಿಡಿ. ಒಂದೇ ಗುಂಪಲ್ಲಿ ಎರಡನ್ನೂ ಹಾಕಿದ್ರೆ ಪ್ಲಾಟ್‌ಫಾರ್ಮ್ ಬೇಗ ಒಂದನ್ನ ಮೆಚ್ಕೊಂಡು ಅದನ್ನೇ ತೋರಿಸುತ್ತೆ, ಇನ್ನೊಂದಕ್ಕೆ ಅವಕಾಶವೇ ಸಿಗಲ್ಲ. ಎ/ಬಿ ಟೆಸ್ಟ್ ಅಂತಾನೇ ಹಾಕಿ.

ಮೂರು ಅಂಕಿ ಜೊತೆಯಾಗಿ ನೋಡಿ. 3 ಸೆಕೆಂಡ್ ನೋಡಿದವರು ಎಷ್ಟು, ಸಾವಿರಕ್ಕೆ ಇನ್‌ಸ್ಟಾಲ್ ಎಷ್ಟು, ಮಾರನೇ ದಿನ ತೆರೆದವರು ಎಷ್ಟು. ನೋಡಿದವರು ಜಾಸ್ತಿ, ಇನ್‌ಸ್ಟಾಲ್ ಕಡಿಮೆ ಅಂದ್ರೆ ಶುರು ಚಂದ ಇದೆ, ಆದ್ರೆ ಆಟದ ಆಸೆ ಹುಟ್ಟಿಸ್ತಿಲ್ಲ. ನನಗನ್ನಿಸೋ ಪ್ರಕಾರ ನಿಮ್ಮ ಅಜ್ಜಿ ಜಾಹೀರಾತು ಈ ಥರದ್ದು. ಇನ್‌ಸ್ಟಾಲ್ ಚೆನ್ನಾಗಿದೆ, ಮಾರನೇ ದಿನ ಯಾರೂ ಇಲ್ಲ ಅಂದ್ರೆ ಜಾಹೀರಾತು ತೋರಿಸಿದ್ದಕ್ಕೂ ಒಳಗಿರೋದಕ್ಕೂ ತಾಳೆ ಇಲ್ಲ. ಎಷ್ಟೋ ಸಲ ಆಟದಲ್ಲೇ ಕಾರಣ ಇರುತ್ತೆ. ಇನ್‌ಸ್ಟಾಲ್ ಮಾಡಿದವನಿಗೆ ಆ ಬಾಚೋ ಘಳಿಗೆ ಎಷ್ಟು ಹೊತ್ತಿಗೆ ಸಿಗುತ್ತೆ?

ಮಂಜೊಟ್ಟಿ

ಟ್ಯುಟೋರಿಯಲ್ ಮುಗಿದು ಮೊದಲ ಆಟದ ನಡುವೆ. ಮೂರು ನಾಲ್ಕು ನಿಮಿಷ ಆಗ್ಬಹುದು. ಟ್ಯುಟೋರಿಯಲಲ್ಲಿ ಮೊದಲು ಇತಿಹಾಸ ಹೇಳ್ತೇವೆ.

ಸುಮ್ನೆ_ಓದೋಳು

ಇತಿಹಾಸ 😭

ಬಿಡ್_ಬೈರ

ಹಾಗಾದ್ರೆ ಜಾಹೀರಾತಲ್ಲಿರೋ ಅದೇ ನಾಲ್ಕು ಗುಳಿಯ ಸ್ಥಿತೀನೇ ಟ್ಯುಟೋರಿಯಲಿನ ಮೊದಲ ಪಾಠ ಮಾಡಿ. ನೋಡಿ ಬಂದವನು ಹತ್ತು ಸೆಕೆಂಡಲ್ಲಿ ಅದೇ ಒಂಟಿ ಕಾಯಿ ಮುಟ್ಟಿ ಅದೇ ರಾಶಿ ಬಾಚ್ತಾನೆ. ಟೀಚರ್ ಎತ್ತಿದ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕ ಹಾಗೆ. ಇತಿಹಾಸ ಮೆನುವಿನಲ್ಲಿ ಇರ್ಲಿ.

ಟೀಚರಮ್ಮ_ಶಿವಮೊಗ್ಗ

ಅರ್ಧ ಉತ್ತರ ಅಂದಿದ್ದು ಸರಿಯಾಗಿದೆ. ಪಾಠದಲ್ಲಿ ಕೊಟ್ಟು ಆಮೇಲೆ ಆಟದಲ್ಲಿ ಕೊಡದೇ ಇದ್ರೆ ಮಕ್ಕಳು ಬೇಗ ಕಂಡುಹಿಡೀತಾರೆ.

ಮಂಜೊಟ್ಟಿ

ಇವತ್ತು ರಾತ್ರಿ ಕೂತು ಬರೆದದ್ದು ಇದು, 15 ಸೆಕೆಂಡಿಗೆ. ಲಾಗ್ ನೋಡಿದೆ, 9 ಅಪರೂಪವೇ. 6, 7 ಧಾರಾಳ ಬರ್ತದೆ. ಹಾಗೆ 7 ಇಟ್ಟಿದ್ದೇವೆ.

0–2: ನಡು ಆಟ, ಕ್ಯಾಮೆರಾ ಹತ್ತಿರ. ಬೆರಳು ಒಂಟಿ ಕಾಯಿ ಮುಟ್ತದೆ, ಪಕ್ಕಕ್ಕೆ ಬೀಳ್ತದೆ, ಖಾಲಿ ಗುಳಿ ಮಿನುಗ್ತದೆ, ಆಚೆಯ 7 ಎದ್ದು ಬರ್ತದೆ, ಗುಳಿ ಮೇಲೆ +7. ಬರಹ ಇಲ್ಲ.
2–5: ಕ್ಯಾಮೆರಾ ಹಿಂದೆ ಹೋಗಿ ಪೂರ್ತಿ ಮಣೆ. ಎದುರಾಳಿ ಆಡಿ ನಮ್ಮ 5 ಕಾಯಿ ಬಾಚ್ತಾನೆ. ಬರಹ: "ಈಗ ನಿಮ್ಮ ಸರದಿ"
5–8: ಜಗಲಿ, ಅಜ್ಜಿ, ಮೊಮ್ಮಗಳು. ಬರಹ: "ಆಟಿ ತಿಂಗಳ ಆಟ"
8–12: ಪುನಃ ಆಟ, ಎರಡು ಗುಳಿಯಲ್ಲಿ ಯಾವುದು ಮುಟ್ಟುದು ಅಂತ ಬೆರಳು ಅತ್ತಿತ್ತ ಹೋಗ್ತದೆ, ಮುಟ್ಟುವ ಮೊದಲೇ ನಿಲ್ತದೆ
12–15: ಲೋಗೋ, ಹೆಸರು, ಇನ್‌ಸ್ಟಾಲ್

ಗುರು_ಗ್ರೋತ್

8–12 ಚೆನ್ನಾಗಿದೆ. ಒಪ್ಕೊಂಡೆ. ಆದ್ರೂ 99% ಸಾಲು ಹಾಕಿ ಒಂದು ಬಿಟ್ಟು ನೋಡು.

ಬಿಡ್_ಬೈರ

2–5 ನನಗಿಷ್ಟ ಆಯ್ತು, ಸೋಲೋದೂ ಅಸಲೀನೇ ಆಗಿದೆ. ಅಜ್ಜಿಗೆ 3 ಸೆಕೆಂಡ್ ಉದ್ದ ಆಯ್ತು, 2 ಸಾಕು. ಕಸಿನ್ ಬೈದ್ರೆ ನನ್ನ ಹೆಸರು ಹೇಳಿ.

ಕುಂದಾಪ್ರ_ಹೈದ

ಬಳೆ ಕೈ ಎಲ್ ಹೋಯ್ತ್?

ಮಂಜೊಟ್ಟಿ

ಅದನ್ನು 0–2ರಲ್ಲೇ ಹಾಕ್ಲಿಕ್ಕೆ ಉಂಟು. ಒಂದು ಡೌಟ್, ಇದೇ ಫೈಲನ್ನು ಸ್ಟೋರ್ ಪೇಜಿಗೂ ಹಾಕ್ಬಹುದಾ?

ಫ್ರೇಮ್_ಬಸು

ಆಪಲ್‌ನವರದಕ್ಕ ನಡಿಯಂಗಿಲ್ರಿ. ಅವರ ಆಪ್ ಪ್ರಿವ್ಯೂ 15 ರಿಂದ 30 ಸೆಕೆಂಡ್ ಇರಬೇಕು, ಒಳಗ ಆ್ಯಪಿನ ಸ್ಕ್ರೀನ್ ರೆಕಾರ್ಡಿಂಗ್ ಅಷ್ಟ ಇರಬೇಕು. ಬಳಿ ಕೈ ಶೂಟ್ ಮಾಡಿ ಹಾಕಿದ್ರ ವಾಪಸ್ ಬರ್ತದ. ಜಗಲಿ ಚಿತ್ರನೂ ಆಟದಾಗ ಇಲ್ಲಾಂದ್ರ ತಗೀರಿ. ಪ್ಲೇ ಸ್ಟೋರಿಗೆ ಯೂಟ್ಯೂಬ್ ಲಿಂಕ್ ಕೊಡೂದು, ಆ ವಿಡಿಯೋಕ್ಕ ಮಾನಿಟೈಸೇಷನ್ ಆಫ್ ಮಾಡ್ರಿ.

ಮಂಜೊಟ್ಟಿ

ಹಾಗಾದ್ರೆ ಕೈ ಇರುವುದು ಒಂದು, ಇಲ್ಲದ್ದು ಒಂದು ಮಾಡ್ತೇವೆ. ಎ/ಬಿ ಟೆಸ್ಟಿಗೆ ಮೊದಲು ಕೈ ಇಲ್ಲದ್ದೇ ಹಾಕುದು, ಇಲ್ಲಾಂದ್ರೆ ಕೈಯಿಂದ ಬಂತಾ ಕಾಯಿಯಿಂದ ಬಂತಾ ಅಂತ ಗೊತ್ತಾಗುದಿಲ್ಲ.

ಸಿಂಪಲ್_ಸೀನ

ಕ್ರಾಸ್ ಮಾರ್ಕ್ ಎಷ್ಟನೇ ಸೆಕೆಂಡಿಗೆ ಬರುತ್ತೆ ಇದ್ರಲ್ಲಿ?